ತಾರೀಕು ಇತ್ತು, ವಾರ ಇರಲಿಲ್ಲ

ಬಿಸಿಲು ಓಣಿಯ ಮಣ್ಣಿನ ಗೋಡೆಯ ಮೇಲೆ ಬಿದ್ದಿತ್ತು. ಗಾಡಿ ಬಾಗಿಲ ಮುಂದೆಯೇ ನಿಂತಿತ್ತು, ನೊಗ ನೆಲಕ್ಕೆ ಒರಗಿತ್ತು. ಎತ್ತುಗಳು ಮಾತ್ರ ಮೇವಿನ ಗ್ವಾದಲಿ ಬಿಟ್ಟು ಕದಲಿರಲಿಲ್ಲ.

ಭುವನೇಶ್ವರಿ ಒಳಗೆ ಇಣುಕಿ ನೋಡಿದಳು. ಕಾಕಿ ಗಂಗಾಂಬಿಕಾ ಎತ್ತುಗಳ ಮೈ ತೊಳೆದು ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಭುವನೇಶ್ವರಿಗೆ ಆಗಲೇ ತನ್ನ ತಪ್ಪು ಹೊಳೆಯಿತು.

"ಕಾಕಾ, ಹೊತ್ತಾತು. ಹೂಡ್ರಿ" ಎಂದಳು, ಆದರೂ.

ಶಿವಶಂಕರಪ್ಪ ಕಟ್ಟೆಯ ಮೇಲೆ ಕೂತು ಅವಳನ್ನೇ ನೋಡಿದ. "ಇವತ್ತು ಯಾವ ವಾರ ಅವ್ವಿ?"

ಸೋಮವಾರ. ಬಸವಣ್ಣನ ವಾರ. ಆ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಾಲೇಜಿನ ಸಿನಿಮಾಕ್ಕೆ ಕ್ಯಾಮರಾ ಸೋಮವಾರ ಸಿಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ನಾರಾಯಣಪೇಟೆಯ ಮದುವೆ ಫೋಟೋ ಸ್ಟುಡಿಯೋದವರು, ಅಂದು ಲಗ್ನ ಇಲ್ಲವೆಂದು, ಸಂಜೆಯವರೆಗೆ ಕೊಟ್ಟಿದ್ದರು. ಎರಡೂ ಗೊತ್ತಿದ್ದವು, ಒಂದರ ಪಕ್ಕ ಇನ್ನೊಂದನ್ನು ಅವಳು ಇಟ್ಟುಕೊಂಡಿರಲಿಲ್ಲ, ಅಷ್ಟೇ. ಜಾಗ ನೋಡಲು ಬಂದಾಗ "ಹದಿನೇಳನೇ ತಾರೀಕ್ ಗಾಡಿ ಬೇಕು ಕಾಕಾ" ಎಂದಿದ್ದಳು. ಆತ "ಒಯ್ರಿ" ಎಂದಿದ್ದ.

ಜಾಗ ನೋಡಿದ್ದೇನೂ ಕಣ್ಣುಮುಚ್ಚಿಕೊಂಡಲ್ಲ. ಉಟ್ಕೂರ್ ಸೀಮೆಯ ನಾಲ್ಕಾರು ಊರು ತಿರುಗಿ ಈ ಓಣಿ ಆರಿಸಿದ್ದರು. ಇಲ್ಲಿ ಬೆಳಗಿನ ಬಿಸಿಲು ಗೋಡೆಗೆ ನೇರ ಬೀಳುತ್ತದೆ, ಚೌಕಟ್ಟಿನಲ್ಲಿ ಕರೆಂಟಿನ ಕಂಬ ಬರುವುದಿಲ್ಲ. ಪಕ್ಕದ ಹೊಲದ ಬೋರಿನ ಸದ್ದು ಮಾತಿಗೆ ಅಡ್ಡಿಯಾಗುತ್ತದೆಂದು ಹೊಲದ ಒಡೆಯ ಎಂಕಪ್ಪನನ್ನು ಕೇಳಿ ಮೋಟರು ಬಂದ್ ಮಾಡಿಸಿದ್ದಳು. ಬ್ಯಾಟರಿ ಚಾರ್ಜಿಗೆ ಕಾಕನ ಮನೆ, ಪಾತ್ರ ಮಾಡುವ ಮೌನಿಕಾ ಬಟ್ಟೆ ಬದಲಿಸಲು ಒಳಕೋಣೆ. ಎಲ್ಲವನ್ನೂ ಒಂದೇ ಹಾಳೆಯ ಕಾಲ್ ಶೀಟಿನಲ್ಲಿ ಇಳಿಸಿದ್ದಳು: ಯಾರು ಎಷ್ಟಕ್ಕೆ ಬರಬೇಕು, ಎಲ್ಲಿ ಇಳಿಯಬೇಕು, ಮೊದಲು ಯಾವ ದೃಶ್ಯ, ಊಟ ಎಲ್ಲಿ, ಏನಾದರೂ ಆದರೆ ಹತ್ತಿರದ ಆಸ್ಪತ್ರೆ ಯಾವುದು. ಬಿಸಿಲು ಕಾಯುವುದಿಲ್ಲವೆಂದು ಗಾಡಿ ಹೊರಡುವ ದೃಶ್ಯವನ್ನೇ ಮೊದಲಿಗೆ ಇಟ್ಟಿದ್ದಳು. ಮೇಲೆ ತಾರೀಕು ಬರೆದಿದ್ದಳು. ವಾರ ಬರೆದಿರಲಿಲ್ಲ.

ನಿರ್ದೇಶಕ ಅಂಜನಕುಮಾರ್, ಮಕ್ತಲದ ಹುಡುಗ, ಅವಳದೇ ಕ್ಲಾಸು, ಕ್ಯಾಮರಾ ಹೆಗಲ ಮೇಲಿಟ್ಟುಕೊಂಡೇ ಓಡಿಬಂದ.

"ಏನೈತಿ? ಬಿಸಿಲು ಏರಾಕ ಹತ್ತೈತಿ!"

"ಇವತ್ತು ಹೂಡಂಗಿಲ್ಲಂತ."

"ಹೂಡಂಗಿಲ್ಲಂದ್ರ? ಕಾಕಾರಿ, ಈ ಮಣ್ಣಿನ ಗ್ವಾಡಿ ಮುಗಿಯೋತನಕ ನಾಕು ಹೆಜ್ಜಿ ನಡೀಲಿ ಸಾಕ್ರಿ. ದೇವ್ರು ಗಡಿಯಾರ ಹಿಡ್ಕಂಡು ಕುಂತಿಲ್ಲ."

"ನಿಮ್ ಗಾಡಿ ಆದ್ರ ಹೂಡ್ಕೋ ಹೋಗಪ" ಎಂದ ಶಿವಶಂಕರಪ್ಪ, ದನಿ ಏರಿಸದೆ.

ಅಂಜನಕುಮಾರ್ ಭುವನೇಶ್ವರಿಯ ಕಡೆ ತಿರುಗಿದ. "ನಿಮ್ ಮನಿ. ನಿಮ್ ಎತ್ತು. ಶೀಟ್ ಮಾಡಿದಾಕಿ ನೀನು. ಇದು ಹೋದ್ರ ಸಿನಿಮಾನೇ ಇಲ್ಲ. ಕಾಲೇಜಿನ್ಯಾಗ ಏನ್ ತೋರಸ್ಲಿ, ಈ ಹಾಳಿನಾ?"

ಬಾಗಿಲಲ್ಲಿ ಮೌನಿಕಾ ಇಳಕಲ್ ಸೀರೆ ಉಟ್ಟು, ಟ್ರಂಕು ಹಿಡಿದು ನಿಂತಿದ್ದಳು. ಸಿನಿಮಾದಲ್ಲಿ ಅವಳು ತವರು ಬಿಟ್ಟು ಹೊರಡುವ ಹುಡುಗಿ. ಗೋಡೆಯ ಬುಡದಲ್ಲಿ ಗಾಡಿಯ ನೆರಳು ಮೊಟಕಾಗುತ್ತಿತ್ತು.

ಶಿವಶಂಕರಪ್ಪ ಎದ್ದ. ಎತ್ತು ಕಟ್ಟಿದ ಹಗ್ಗಕ್ಕೆ ಕೈ ಹಾಕಿ, ಬಿಚ್ಚದೆ ನಿಂತ.

"ಒಯ್ರಿ ಅಂದಾವ ನಾನು. ಮಾತು ಕೊಟ್ಟೀನಿ. ನೀ ಹೂಡು ಅಂದ್ರ ಹೂಡ್ತೀನಿ ಅವ್ವಿ. ಅವ ಅನ್ನೋದಲ್ಲ. ನೀ ಅನ್ನು."

ಕಾಕಿಯ ವಿಭೂತಿ ಕೈ ಅರ್ಧಕ್ಕೇ ನಿಂತಿತು. ಕಾಕಾ ಹೆದರಿಸುತ್ತಿಲ್ಲ, ನಿಜಕ್ಕೂ ಹೂಡುತ್ತಾನೆ ಎಂಬುದು ಭುವನೇಶ್ವರಿಗೆ ಗೊತ್ತಿತ್ತು. ಹೂಡಿದ ಮೇಲೆ ಒಂದು ಮಾತೂ ಆಡುವುದಿಲ್ಲ. ಮುಂದಿನ ಪ್ರತಿ ಸೋಮವಾರ ಇದೇ ಗ್ವಾದಲಿಯ ಮುಂದೆ ಸುಮ್ಮನೆ ಕೂರುತ್ತಾನೆ. ಅಂಜನಕುಮಾರ್ ತುಟಿ ಕಚ್ಚಿ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಬ್ಯಾಡ ಕಾಕಾ" ಎಂದಳು. "ಎತ್ತು ಕಟ್ಟಿದಂಗೇ ಇರಲಿ."

"ಭುವಿ!" ಎಂದು ಚೀರಿದ ಅಂಜನಕುಮಾರ್.

"ಕೇಳು. ಗಾಡಿ ದೂರದಿಂದ ತೋರ್ಸೋ ಶಾಟ್ ಹೋತು, ಬಿಡು. ಗಾಲಿ ಹತ್ರದಿಂದ ಹಿಡಿ. ಹಿಂದ ಕುಂತ ಮೌನಿಕಾನ ಮುಖ ಹಿಡಿ, ಅಕಿ ಹಿಂದ ಗ್ವಾಡಿ ಸರೀತೈತಿ. ಎತ್ತಿನ ಗಂಟಿ ಸದ್ದು ಆಮ್ಯಾಗ ಬ್ಯಾರೆ ರೆಕಾರ್ಡ್ ಮಾಡೋಣ."

"ಗಾಡಿ ಎಳಿಯೋರ್ಯಾರು? ನಿಮ್ ತಾತ?"

"ನಾನು. ಉಳಿದೋರು ಬರ್ರಿ."

ಅವಳು ಕಾಲ್ ಶೀಟನ್ನು ಗೋಡೆಗೆ ಒತ್ತಿ ಹಿಡಿದು ಮೊದಲ ದೃಶ್ಯದ ಸಾಲಿಗೆ ಗೀಟು ಎಳೆದಳು. ಮೇಲೆ ಪೆನ್ನಿನಲ್ಲಿ ಹೊಸದನ್ನು ಗೀಚಿದಳು. ಅಂಜನಕುಮಾರ್ ಅದನ್ನು ಓದಲಿಲ್ಲ. ಏರುತ್ತಿದ್ದ ಬಿಸಿಲನ್ನೊಮ್ಮೆ ನೋಡಿ, ಸಿಟ್ಟಿನಿಂದಲೇ ಗಾಲಿಯ ಪಕ್ಕ ಮಣ್ಣಿನಲ್ಲಿ ಮೊಣಕಾಲೂರಿ ಕ್ಯಾಮರಾ ಇಳಿಸಿದ.

ಮೌನಿಕಾ ಹತ್ತಿ ಕೂತಳು. ಭುವನೇಶ್ವರಿಯೂ ಸೌಂಡ್ ಹುಡುಗನೂ ನೊಗ ಎತ್ತಿದರು. ಹಿಂದೆ ಭಾರ ಬಿದ್ದು ಗಾಡಿಯ ಮುಂಭಾಗ ಸರಕ್ಕನೆ ಮೇಲೆದ್ದಿತು; ಮೌನಿಕಾ ಕಿರುಚಿದಳು.

"ಅಲ್ಲೇ ಒತ್ತಿ ಹಿಡೀರಿ, ಎತ್ತಬ್ಯಾಡ್ರಿ!" ಶಿವಶಂಕರಪ್ಪ ಓಡಿಬಂದು ನೊಗದ ನಡುವೆ ಹೆಗಲು ಕೊಟ್ಟ.

"ರೋಲಿಂಗ್" ಎಂದ ಅಂಜನಕುಮಾರ್. ಅವನ ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ಆ್ಯಕ್ಷನ್."

ಗಾಲಿ ಕಿರ್ರೆಂದು ಒಂದು ಸುತ್ತು ಉರುಳಿತು.