ಮೂರು ಸಲ ಹೋಗಿ ಬಂದ ಆಕಾಶ

ರಾತ್ರಿ ಒಂದೂವರೆಗೆ ಕಂಪ್ಯೂಟರ್ ಟಿಣ್ ಎಂದಿತು. ಎಕ್ಸ್‌ಪೋರ್ಟ್ ಮುಗಿದ ಸದ್ದು. ದೊಡ್ಡಬಳ್ಳಾಪುರದ ನಮ್ಮ ಸ್ಟುಡಿಯೋದಲ್ಲಿ ನಾನೊಬ್ಬಳೇ ಇದ್ದೆ. ಕೆಳಗಿನ ಬೀದಿಯ ಮಗ್ಗಗಳೂ ನಿಂತಿದ್ದವು.

ಕ್ಯಾಮೆರಾದ ಮೂಲ ತುಣುಕಿನಿಂದ ಬೆಳಗಿನ ಆಕಾಶದ ಹತ್ತು ಸೆಕೆಂಡನ್ನು ಹೊಸದಾಗಿ ತೆಗೆದಿದ್ದೆ. ಅದನ್ನು ಹಳೆಯದರ ಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ಕಿತ್ತಳೆ ಬಣ್ಣ ಮೆಲ್ಲಗೆ ನೀಲಿಗೆ ಕರಗಿತ್ತು. ಹಳೆಯದರಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಚಿತ್ರದಲ್ಲಿ ಬರುವ ನೇಕಾರ್ತಿ ಪಿಳ್ಳಮ್ಮನ ಕೈಯ ರೇಷ್ಮೆ ಎಳೆಗಳ ಅಂಚಿನಲ್ಲಿ ಬಣ್ಣ ಚೌಕ ಚೌಕವಾಗಿ ಒಡೆದಿತ್ತು. ತಪ್ಪು ಯಾರದೆಂಬ ಸಂಶಯಕ್ಕೆ ಇನ್ನು ಜಾಗವಿರಲಿಲ್ಲ.

ನೇಕಾರರ ಸಂಘಕ್ಕೆಂದು ಮಾಡಿದ ಹದಿನೆಂಟು ನಿಮಿಷದ ಚಿತ್ರ ಅದು. ಶನಿವಾರ ದೊಡ್ಡ ಪರದೆಯ ಮೇಲೆ ಪ್ರದರ್ಶನ. ಎಡಿಟಿಂಗ್ ನನ್ನದು. ಬಣ್ಣ ತಿದ್ದುವವಳು ಬಿಂದುಶ್ರೀ, ನೆಲಮಂಗಲದ ಮನೆಯಿಂದಲೇ ಕೆಲಸ ಮಾಡುವ ಹುಡುಗಿ. ಅವಳ ಸಾಫ್ಟ್‌ವೇರ್ ಬೇರೆ, ನನ್ನದು ಬೇರೆ. ಹಾಗಾಗಿ ಫೈಲು ಇಬ್ಬರ ನಡುವೆ ಓಡಾಡುತ್ತಿತ್ತು. ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ನೆಲಮಂಗಲದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ನಮ್ಮ ರೂಢಿ.

ಮೊದಲ ಸಲವೇ ಅವಳು ಕೇಳಿದ್ದಳು, ಎಂಪಿ4 ಬೇಡ, ಎಚ್‌ಕ್ಯೂಎಕ್ಸ್‌ನಲ್ಲಿ ಕೊಡಿ ಎಂದು. ಎಡಿಟಿಂಗ್ ಮತ್ತು ಬಣ್ಣದ ಕೆಲಸದ ನಡುವೆ ಓಡಾಡಲೆಂದೇ ಇರುವ ರೂಪ ಅದು. ಬಣ್ಣದ ಸೂಕ್ಷ್ಮ ಹಂತಗಳನ್ನು ಉಳಿಸಿಕೊಳ್ಳುತ್ತದೆ, ಎಷ್ಟು ಸಲ ಹೋಗಿ ಬಂದರೂ ಕಣ್ಣಿಗೆ ಕಾಣುವಷ್ಟು ಕೆಡುವುದಿಲ್ಲ. ಆದರೆ ಚಿತ್ರ ತೊಂಬತ್ತು ಜಿಬಿ ಆಗುತ್ತದೆ, ಎಂಪಿ4 ಆದರೆ ಏಳು. ಡಿಸ್ಕಿನಲ್ಲಿ ಜಾಗವಿರಲಿಲ್ಲ, ಹೊಸದು ತರಿಸಿ ಎಂದು ಸ್ಟುಡಿಯೋ ಮಾಲೀಕ ಬೈರೇಶ್ ಸರ್‌ಗೆ ಹೇಳಲು ನನಗೆ ಹಿಂಜರಿಕೆ. ನೋಡಲು ಎರಡೂ ಒಂದೇ ಥರ ಕಂಡವು. ಪರವಾಗಿಲ್ಲ, ಇದರಲ್ಲೇ ಮಾಡು, ಇದೇ ರೂಪದಲ್ಲಿ ವಾಪಸ್ ಕಳಿಸು ಎಂದೆ.

ಎಂಪಿ4 ಪ್ರತಿ ಸಲ ಉಳಿಸಿದಾಗಲೂ ಕಣ್ಣಿಗೆ ಬೇಡವೆನಿಸಿದ್ದನ್ನು ಬಿಸಾಡುತ್ತದೆ. ಅವಳು ಬಣ್ಣ ಹಿಗ್ಗಿಸಿದಾಗ ಬಿಸಾಡಿದ ಜಾಗ ಕಾಣತೊಡಗುತ್ತದೆ. ಬೈರೇಶ್ ಸರ್ ತಿದ್ದುಪಡಿ ಹೇಳಿದಂತೆಲ್ಲ ನಾನು ಅವಳು ಕಳಿಸಿದ ಫೈಲನ್ನೇ ಕತ್ತರಿಸಿ ಮತ್ತೆ ಎಂಪಿ4 ಮಾಡಿ ಕಳಿಸಿದೆ. ಹೀಗೆ ಮೂರು ಸಲ.

ಹಿಂದಿನ ಸಂಜೆ ಸಭಾಂಗಣದಲ್ಲಿ ಪರೀಕ್ಷೆಗೆ ಹಾಕಿದಾಗ ಆಕಾಶದಲ್ಲಿ ಗೆರೆಗಳು ಕಂಡವು. ಬೈರೇಶ್ ಸರ್ ಅಲ್ಲಿಂದಲೇ ಬಿಂದುಶ್ರೀಗೆ ಫೋನ್ ಮಾಡಿ, ಬಣ್ಣ ಕೆಡಿಸಿದ್ದೀಯ, ಇನ್ನು ನಿನಗೆ ಕೆಲಸ ಕೊಡಲ್ಲ ಎಂದಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಬೆಳಿಗ್ಗೆ ಆರಕ್ಕೆ ಅವಳಿಗೆ ಕರೆ ಮಾಡಿದೆ. ತಪ್ಪು ನನ್ನದು, ಮೂಲದಿಂದ ಮತ್ತೆ ಶುರು ಮಾಡೋಣ ಎಂದೆ.

"ನಾನ್ ಅವತ್ತೇ ಹೇಳಿದ್ದೆ ಅಲ್ವಾಕ್ಕ."

"ಹೇಳಿದ್ದೆ ಕಣೇ."

"ಬಣ್ಣ ತಿದ್ದಿದ್ ಗ್ರೇಡ್ ಎಲ್ಲಾ ಸೇವ್ ಆಗೈತೆ. ಮೂರು ಸಲದ್ದನ್ನೂ ಒಂದ್ರಲ್ಲೇ ಕೂರಿಸ್ಬೇಕು, ಎರಡ್ ರಾತ್ರಿ ಬೇಕು. ಮಾಡ್ತೀನಿ. ಆದ್ರೆ ಸರ್‌ಗೆ ನೀವೇ ಒಂದ್ ಮಾತು ಹೇಳ್ಬಿಡಿ. ನಾನ್ ಹೇಳಿದ್ರೆ ನೆಪ ಹೇಳ್ತಾಳೆ ಅಂತಾರೆ."

"ಹೇಳ್ತೀನಿ," ಎಂದೆ.

ನನ್ನ ದುಡ್ಡಿನಲ್ಲೇ ದೊಡ್ಡ ಡಿಸ್ಕ್ ತಂದೆ. ಮೂಲ ತುಣುಕುಗಳ ಮೇಲೆ ಎಲ್ಲ ಕತ್ತರಿಕೆಯನ್ನೂ ಮತ್ತೆ ಕೂರಿಸಿದೆ. ಎಚ್‌ಕ್ಯೂಎಕ್ಸ್‌ನಲ್ಲೇ ಕಳಿಸಿದೆ, ಎಚ್‌ಕ್ಯೂಎಕ್ಸ್‌ನಲ್ಲೇ ಬಂತು. ಎಂಪಿ4 ಮಾಡಿದ್ದು ಕೊನೆಯಲ್ಲಿ ಒಮ್ಮೆ ಮಾತ್ರ.

ಶುಕ್ರವಾರ ಮಧ್ಯಾಹ್ನ ಮತ್ತೆ ಸಭಾಂಗಣದಲ್ಲಿ ಹಾಕಿದೆವು. ಆಕಾಶ ಒಂದೇ ಉಸಿರಿನಲ್ಲಿ ಬೆಳಗಿತು. ಪಿಳ್ಳಮ್ಮ ಎಳೆ ಸರಿಪಡಿಸುತ್ತಿದ್ದಳು, ಒಂದೊಂದು ಎಳೆಯೂ ಬೇರೆ ಬೇರೆ. ಬೈರೇಶ್ ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ನೋಡಿ, ಬೈದಿದ್ದಕ್ಕೆ ಹೆಂಗ್ ಸರಿ ಹೋಯ್ತು. ಅದಿರ್ಲಿ, ಮುಂದಿನ್ ಚಿತ್ರಕ್ಕೆ ಆ ಹುಡುಗಿ ಬೇಡ. ಯಲಹಂಕದಲ್ಲಿ ಒಬ್ಬನ್ನ ನೋಡಿದೀನಿ. ನೀವಿದ್ರೆ ಸಾಕು ಪವಿತ್ರ, ನಿಮ್ ಕೆಲ್ಸ ನಾನು ಎರಡನೇ ಸಲ ನೋಡೋ ಹಂಗೇ ಇಲ್ಲ."

ನಾಲಿಗೆಯ ಮೇಲೆ ವಾಕ್ಯ ಸಿದ್ಧವಿತ್ತು. ಬಹಳ ಚಿಕ್ಕ ವಾಕ್ಯ. ನನ್ನ ಕೆಲಸವನ್ನು ಅವರು ಎರಡನೇ ಸಲ ನೋಡತೊಡಗಿದರೆ, ಆಮೇಲೆ ಪ್ರತಿಯೊಂದನ್ನೂ ನೋಡುತ್ತಾರೆ. ಅದನ್ನು ಯೋಚಿಸುತ್ತಾ ನಾನು ಪರದೆಯನ್ನೇ ನೋಡಿದೆ. ಕೊನೆಯ ಹೆಸರುಗಳು ಮೇಲೇರುತ್ತಿದ್ದವು. ಬಣ್ಣ: ಬಿಂದುಶ್ರೀ.

ಜೇಬಿನಲ್ಲಿ ಫೋನ್ ನಡುಗಿತು. 'ಹೇಳಿದ್ರಾ ಅಕ್ಕ' ಎಂದು ಅವಳ ಸಂದೇಶ. ಹೇಳಿದೆ, ಆದರೂ ಅವರು ಒಪ್ಪಲಿಲ್ಲ ಎಂದು ಬರೆದು ಕಳಿಸಿದೆ. ಸರ್‌ಗೂ ಹೇಳುವುದಿಲ್ಲ, ಇನ್ನಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.