ಮೂರನೆಯ ನಳಿಕೆ

ಹೇಮಾಕ್ಷಿಗೆ ಬೇಕಾದ ವೇಗ ಇರಲಿಲ್ಲ.

ನಳಿಕೆಗಳನ್ನು ತಿರುಗಿಸಿ ದ್ರವದೊಳಗಿನ ಕಣಗಳನ್ನು ತಳಕ್ಕೆ ಕೂರಿಸಲು ಇದ್ದ ಸೆಂಟ್ರಿಫ್ಯೂಜ್ ಯಂತ್ರ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುತ್ತಿತ್ತು, ಅದಕ್ಕಿಂತ ಒಂದು ಸುತ್ತೂ ಹೆಚ್ಚಿಲ್ಲ. ಯುದ್ಧ ಮುಗಿದ ಮೇಲೆ ಸೈನ್ಯದ ಉಳಿಕೆ ಸಾಮಾನು ಮದರಾಸಿನಲ್ಲಿ ಹರಾಜಾದಾಗ ಕಾಲೇಜು ಅದನ್ನು ತಂದಿತ್ತು. ಅವಳಿಗೆ ಬೇಕಾದದ್ದು ಮೂವತ್ತಮೂರು ಸಾವಿರ. ಅಂಥ ಯಂತ್ರ ಮಂಗಳೂರಿನಲ್ಲಿ ಇರಲಿಲ್ಲ. ಮದರಾಸಿನಲ್ಲಿ ಇದೆ ಎಂದೂ ಅವಳು ಕೇಳಿರಲಿಲ್ಲ.

೧೯೪೯ರ ಫೆಬ್ರವರಿ. ಜೀವರಸಾಯನಕ್ಕೆ ಹೊಸ ಪದವಿ ತರಗತಿ ಕೇಳಿ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಬರೆದಿತ್ತು. ಪರಿಶೀಲನೆಗೆ ಇಬ್ಬರು ಬುಧವಾರ ಬರುವವರಿದ್ದರು. ತರಗತಿ ಸಿಕ್ಕರೆ ಹೇಮಾಕ್ಷಿಯ ತಾತ್ಕಾಲಿಕ ಡೆಮಾನ್‌ಸ್ಟ್ರೇಟರ್ ಕೆಲಸ ಖಾಯಂ ಆಗುತ್ತಿತ್ತು. ಸಿಗದಿದ್ದರೆ ಮಾರ್ಚಿಗೆ ಮುಗಿಯುತ್ತಿತ್ತು. ವಿಭಾಗದ ಮುಖ್ಯಸ್ಥ ಆರ್ಥರ್ ಅರ್ಜಿಯಲ್ಲಿ ಒಂದು ಸಾಲು ಬರೆದಿದ್ದರು: ಯಕೃತ್ತಿನ ಕೋಶಗಳಿಂದ ನ್ಯೂಕ್ಲಿಯಸ್, ಮೈಟೊಕಾಂಡ್ರಿಯ ಮತ್ತು ಮೈಕ್ರೊಸೋಮ್ ಎಂಬ ಮೂರು ಭಾಗಗಳನ್ನು ನಮ್ಮ ಪ್ರಯೋಗಾಲಯದಲ್ಲಿ ಬೇರ್ಪಡಿಸಲಾಗುತ್ತದೆ. ಇಂದು ರೈಬೋಸೋಮ್ ಎಂದು ಕರೆಯುವ ಕಣಗಳು ಆಗ ಮೈಕ್ರೊಸೋಮ್ ಎಂಬ ರಾಶಿಯೊಳಗೇ ಇದ್ದವು. ಬೇರೆ ಹೆಸರು ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಆಗಷ್ಟೇ ಕಡಿದ ಆಡಿನ ಯಕೃತ್ತನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬಂದರಿನಿಂದ ನಡೆದೇ ತಂದಳು. ಮಂಜು ಮೀನಿನವರದು, ವಾಸನೆ ಹೊಡೆಯುತ್ತಿತ್ತು. ಲೀಟರು ನೀರಿಗೆ ಎಂಬತ್ತಾರು ಗ್ರಾಮಿನಂತೆ ಸಕ್ಕರೆ ಕರಗಿಸಿದಳು. ಸಕ್ಕರೆ ರೇಷನ್ನಿನದು. ಕೊಟ್ಟಾರದ ಮನೆಯಲ್ಲಿ ತಾಯಿ ಅಮ್ಮಣಿ ಎರಡು ವಾರದಿಂದ ಬೆಲ್ಲದ ಚಹಾ ಕುಡಿಯುತ್ತಿದ್ದಳು. ಸಕ್ಕರೆ ಇಲ್ಲದ ಬರೀ ನೀರಾದರೆ ಕೋಶದೊಳಗಿನ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ.

ಅವಳು ಯಕೃತ್ತನ್ನು ಕತ್ತರಿಸಿ, ಗಾಜಿನ ಕೊಳವೆಯಲ್ಲಿ ಬಿಗಿಯಾಗಿ ಕೂರುವ ಗಾಜಿನ ಕೋಲಿನಿಂದ ಅರೆದಳು. ಕೋಶದ ಹೊರಪೊರೆ ಹರಿಯಬೇಕು, ಒಳಗಿನದು ಹರಿಯಬಾರದು. ಅರೆದದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ ಎರಡು ಸಾವಿರದ ಆರುನೂರು ಸುತ್ತಿನಲ್ಲಿ ಹತ್ತು ನಿಮಿಷ ತಿರುಗಿಸಿದಳು. ಆ ವೇಗದಲ್ಲಿ ಪ್ರತಿ ಕಣವೂ ತನ್ನ ತೂಕದ ಆರುನೂರು ಪಟ್ಟು ಬಲದಿಂದ ತಳಕ್ಕೆ ಎಳೆಯಲ್ಪಡುತ್ತದೆ. ದೊಡ್ಡದು ಮೊದಲು ಕೂರುತ್ತದೆ. ನ್ಯೂಕ್ಲಿಯಸ್ಸುಗಳು ಕೂತವು. ಜೊತೆಗೆ ಒಡೆಯದೆ ಉಳಿದ ಕೆಲವು ಕೋಶಗಳೂ ಕೂತವು. ಅದನ್ನು ಪುಸ್ತಕದಲ್ಲಿ ಬರೆದಳು. ಮೇಲಿನ ತಿಳಿಯನ್ನು ಬೇರೆ ನಳಿಕೆಗೆ ಬಗ್ಗಿಸಿ ಹತ್ತು ಸಾವಿರ ಸುತ್ತಿಗೆ ಏರಿಸಿದಳು. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಈಗ ಬಲ ಒಂಬತ್ತು ಸಾವಿರ ಪಟ್ಟು. ಹದಿನೈದು ನಿಮಿಷಕ್ಕೆ ತಳದಲ್ಲಿ ಕಂದು ಗಸಿ ನಿಂತಿತು. ಮೈಟೊಕಾಂಡ್ರಿಯ.

ಉಳಿದ ತಿಳಿಯಲ್ಲಿ ಮೂರನೆಯದು ತೇಲುತ್ತಿತ್ತು. ಅದಕ್ಕೆ ಲಕ್ಷ ಪಟ್ಟು ಬಲ, ಒಂದು ಗಂಟೆ ಬೇಕು.

ಆರ್ಥರ್ ಬಂದು ನಳಿಕೆಗಳ ಸ್ಟ್ಯಾಂಡ್ ನೋಡಿದರು. "ಎರಡೇ ಉಂಟಲ್ಲ?"

"ಎರಡೇ ಸರ್. ಮೂರನೆಯದು ಈ ಮೆಷಿನ್‌ನಲ್ಲಿ ಬರುವುದಿಲ್ಲ."

"ಜಾಸ್ತಿ ಹೊತ್ತು ತಿರುಗಿಸಿ. ವೇಗ ಕಡಿಮೆ ಇದ್ದರೆ ಸಮಯ ಕೊಡಿ."

"ಲೆಕ್ಕ ಹಾಕಿದ್ದೇನೆ. ಹನ್ನೊಂದು ಗಂಟೆ, ಹೆಚ್ಚುಕಡಿಮೆ ಒಂದು ಇಡೀ ಹಗಲು. ಅರ್ಧ ಗಂಟೆಗೆ ಈ ಮೋಟರ್ ಮೇಲೆ ಕೈ ಇಡ್ಲಿಕ್ಕೆ ಆಗುವುದಿಲ್ಲ. ಈ ಸೆಕೆಗೆ ಒಳಗಿನದು ಮೊದಲು ಕೊಳೆಯುತ್ತದೆ."

"ಹಾಗಾದರೆ ಆಸಿಡ್ ಹಾಕಿ. ಬಿಳಿ ಬೀಳುತ್ತದೆ. ಅದನ್ನು ಕೂರಿಸಿ ಲೇಬಲ್ ಹಚ್ಚಿ."

"ಆಸಿಡ್ ಹಾಕಿದರೆ ಕರಗಿದ ಪ್ರೋಟೀನ್ ಎಲ್ಲ ಒಟ್ಟಿಗೆ ಬೀಳುತ್ತದೆ. ಮೈಕ್ರೊಸೋಮ್ ಕೂಡ ಅದರಲ್ಲೇ ಇದ್ದೀತು. ಆದರೆ ಬೇರ್ಪಟ್ಟ ಹಾಗೆ ಆಗುವುದಿಲ್ಲ. ಬಲೆ ಹಾಕಿ ಬಂಗುಡೆ ಹಿಡಿದೆ ಎಂದು ಹೇಳಿ ಕೆರೆಯ ನೀರೆಲ್ಲ ಬತ್ತಿಸಿದ ಹಾಗೆ."

"ಬಂಗುಡೆ ಸಮುದ್ರದ ಮೀನು, ಕೆರೆಯಲ್ಲಿ ಇರುವುದಿಲ್ಲ."

"ಅದನ್ನೇ ಹೇಳುವುದು ಸರ್."

ಆರ್ಥರ್ ನಗಲಿಲ್ಲ. "ಒಂಬತ್ತು ವರ್ಷದಿಂದ ಈ ಕೋರ್ಸ್ ಕೇಳುತ್ತಾ ಇದ್ದೇನೆ. ಬರುವವರಿಗೆ ನೋಡ್ಲಿಕ್ಕೆ ಮೂರು ಬೇಕು. ಕೋರ್ಸ್ ಬಂದ ಮೇಲೆ ಒಳ್ಳೆ ಮೆಷಿನ್ ಕೇಳುವ. ನಿಮ್ಮ ಕೆಲಸವೂ ಅದರಲ್ಲೇ ಉಂಟು, ಮರೆಯಬೇಡಿ."

"ಮರೆತಿಲ್ಲ. ನಾನು ಹಚ್ಚುವುದಿಲ್ಲ."

"ಬೇರೆಯವರು ಹಚ್ಚುತ್ತಾರೆ." ಅವರು ಹೋದರು.

ಬುಧವಾರ ಬೆಳಿಗ್ಗೆ ಅವಳು ಹೊಸ ಯಕೃತ್ತು ತಂದಾಗ ಸ್ಟ್ಯಾಂಡಿನಲ್ಲಿ ಮೂರು ನಳಿಕೆ ಇದ್ದವು. ಮೂರನೆಯದರ ತಳದಲ್ಲಿ ಮಾಸಲು ಬಿಳಿ ಗಸಿ, ಹೊರಗೆ ದುಂಡು ಅಕ್ಷರದ ಲೇಬಲ್. ಅಕ್ಷರ ಸ್ಟೋರ್‌ಕೀಪರ್ ಮಾರ್ಸೆಲಿನ್‌ನದು. ಅವನು ಬೀರುವಿನ ಹಿಂದೆ ಬಾಟಲಿ ಒರೆಸುವ ನಾಟಕ ಮಾಡುತ್ತಿದ್ದ.

"ನೀವಾ ಮಾರ್ಸೆಲಿನ್ ಮಾಮ?"

"ಟೀಚರ್, ಅವರು ಹೇಳಿದರು, ನಾನು ಬರೆದೆ. ಒಳಗೆ ಎಂತ ಉಂಟು ಅಂತ ನನಗೆ ಗೊತ್ತಿಲ್ಲ. ನನಗೆ ಐದು ಮಕ್ಕಳು."

"ಅಕ್ಷರ ಚಂದ ಉಂಟು."

"ಬೈಯುವುದಾದರೆ ಸರಿಯಾಗಿ ಬೈಯಿರಿ ಮಾರಾಯ್ತಿ."

ಅವಳು ಬೈಯಲಿಲ್ಲ. ಅವನ ಕೈಗೆ ಎರಡಾಣೆ ಕೊಟ್ಟು ಹಂಪನಕಟ್ಟೆಯಿಂದ ಒಂದು ಮೊಟ್ಟೆ ತರಲು ಹೇಳಿದಳು. ಅವನು ಏಕೆಂದು ಕೇಳದೆ ಹೋದ. ಮೊಟ್ಟೆಯ ಬಿಳಿಯನ್ನು ನೀರಿನಲ್ಲಿ ಕದಡಿ, ಬಣ್ಣ ಹೊಂದಲೆಂದು ಮಾಂಸದ ಡಬ್ಬಿಯ ತಳದಲ್ಲಿದ್ದ ಆಡಿನ ರಕ್ತ ಒಂದು ತೊಟ್ಟು ಬೆರೆಸಿ, ಅದೇ ಆಸಿಡ್ ಹಾಕಿದಳು. ಗಸಿ ಬಿತ್ತು. ತಿರುಗಿಸಿ ಕೂರಿಸಿದಳು. ಮಾಸಲು ಬಿಳಿ. ಈ ನಳಿಕೆಗೆ ಲೇಬಲ್ ಹಾಕಲಿಲ್ಲ.

ಹನ್ನೊಂದಕ್ಕೆ ಇಬ್ಬರು ಬಂದರು. ಒಬ್ಬರು ಕುರ್ಚಿ, ಮೇಜು, ನಲ್ಲಿ ಎಣಿಸಿದರು. ಇನ್ನೊಬ್ಬರು, ಹಿರಿಯರು, ನೇರ ಸ್ಟ್ಯಾಂಡಿನ ಹತ್ತಿರ ಬಂದು ಮೂರನೆಯ ನಳಿಕೆಯನ್ನು ಬೆಳಕಿಗೆ ಹಿಡಿದರು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ಇದು ಮೈಕ್ರೊಸೋಮ್?"

"ಹೌದು," ಎಂದರು ಆರ್ಥರ್.

ಹೇಮಾಕ್ಷಿ ನಾಲ್ಕನೆಯ ನಳಿಕೆಯನ್ನು ಅದರ ಪಕ್ಕಕ್ಕೆ ಹಿಡಿದಳು. "ಲೇಬಲ್ ಬಿಟ್ಟು ನೋಡಿದರೆ, ಇವೆರಡರಲ್ಲಿ ಯಾವುದು ಯಕೃತ್ತಿನದು ಎಂದು ಹೇಳುತ್ತೀರಾ?"

ಹಿರಿಯರು ಎರಡನ್ನೂ ಕುಲುಕಿ ನೋಡಿದರು. ಕಿಟಕಿಗೆ ಹೋಗಿ ಮತ್ತೆ ನೋಡಿದರು. "ಹೇಳಲಾಗುವುದಿಲ್ಲ. ಲೇಬಲ್ ಇಲ್ಲದ್ದು ಏನು?"

"ಮೊಟ್ಟೆ. ಒಂದು ತೊಟ್ಟು ರಕ್ತ. ಆಸಿಡ್. ಇದರಲ್ಲಿ ಮೈಕ್ರೊಸೋಮ್ ಇಲ್ಲ. ಲೇಬಲ್ ಇರುವ ನಳಿಕೆಯಲ್ಲಿ ಇರಬಹುದು, ಆದರೆ ಅದನ್ನು ಬೇರ್ಪಡಿಸಿಲ್ಲ. ನಮ್ಮ ಯಂತ್ರ ಒಂಬತ್ತು ಸಾವಿರ ಪಟ್ಟಿಗೆ ನಿಲ್ಲುತ್ತದೆ. ಮೊದಲಿನ ಎರಡು ನಿಜ. ಈಗಲೇ ನಿಮ್ಮೆದುರು ಮಾಡಿ ತೋರಿಸುತ್ತೇನೆ. ಮೂರನೆಯದನ್ನು ತೋರಿಸಲು ನನ್ನಿಂದ ಆಗುವುದಿಲ್ಲ."

ಆರ್ಥರ್ ಅವಳ ಹೆಸರು ಹೇಳಿದರು, ಮೆಲ್ಲಗೆ. ಅವಳು ತಿರುಗಲಿಲ್ಲ.

ಹಿರಿಯರು ನಳಿಕೆಗಳನ್ನು ಕೆಳಗಿಟ್ಟರು. "ನೀವು ಇಲ್ಲಿ ಖಾಯಂ ನೌಕರರೋ?"

"ಅಲ್ಲ."

"ನೀವು ಸುಮ್ಮನಿದ್ದಿದ್ದರೆ ನಾನು ಕೇಳುತ್ತಿರಲಿಲ್ಲ."

"ನೀವು ಕೇಳುತ್ತಿರಲಿಲ್ಲ, ಅದಕ್ಕೇ ಹೇಳಿದೆ."

ಅವರು ಅರ್ಜಿಯ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಮೊದಲಿನ ಎರಡನ್ನು ಮಾಡಿ ತೋರಿಸಲು ಹೇಳಿದರು. ಅವಳು ಮಾಡಿ ತೋರಿಸಿದಳು. ಅವರು ಸೂಕ್ಷ್ಮದರ್ಶಕದಲ್ಲಿ ನ್ಯೂಕ್ಲಿಯಸ್ಸುಗಳನ್ನು ಬಹಳ ಹೊತ್ತು ನೋಡಿದರು. ಹೊರಡುವಾಗ ಕೆಲಸ ಚೊಕ್ಕಟವಾಗಿದೆ ಎಂದರು.

ಸಂಜೆ ಆರ್ಥರ್ ಅವಳನ್ನು ಕೋಣೆಗೆ ಕರೆದರು. "ನಿಮಗೆ ಈಗ ಸಮಾಧಾನವಾ?"

"ಇಲ್ಲ ಸರ್. ಕೆಲಸ ಬೇಕಿತ್ತು ನನಗೆ."

"ಮತ್ತೆ ಯಾಕೆ?"

"ಬರುವ ವರ್ಷ ಮಕ್ಕಳು ಅದೇ ಆಸಿಡ್ ಹಾಕಿ ಅದೇ ಲೇಬಲ್ ಹಚ್ಚುತ್ತಿದ್ದರು. ಅದನ್ನು ನಾನೇ ಕಲಿಸಬೇಕಾಗುತ್ತಿತ್ತು. ಅದು ನನ್ನಿಂದ ಆಗುವುದಿಲ್ಲ."

ಆರ್ಥರ್ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದರು. ಸರಿಯಾಗಿಯೇ ಇದ್ದ ಕಾಗದಗಳು. ಅವಳು ಹೊರಗೆ ಬಂದಳು.

ಏಪ್ರಿಲಿನಲ್ಲಿ ಮದರಾಸಿನಿಂದ ಪತ್ರ ಬಂತು. ತರಗತಿ ಸಿಗಲಿಲ್ಲ. ಅಷ್ಟರಲ್ಲಿ ಹೇಮಾಕ್ಷಿಯ ಅವಧಿ ಮುಗಿದಿತ್ತು. ಹೋದದ್ದು ಇಷ್ಟು: ಒಂದು ಪದವಿ ತರಗತಿ, ಹದಿನಾರು ಸೀಟು, ಒಬ್ಬ ಮುಖ್ಯಸ್ಥನ ಒಂಬತ್ತು ವರ್ಷ, ಒಂದು ನೌಕರಿ.