ಒಂದು ಮನೆಯೋ, ಎರಡು ಮನೆಯೋ

ಬಳ್ಳಾರಿಯ ಕಂಟೋನ್ಮೆಂಟಿನ ಆ ಹಾಲ್‌ನಲ್ಲಿ ನನ್ನ ಬಾಯಿಗೆ ಬೀಗ ಹಾಕಿದ್ದರು. ಆಟಗಾರರ ಮನೆಯವರು ಹಗ್ಗದ ಆಚೆ ನಿಲ್ಲಬೇಕು, ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಬೇಕು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ದಿನವಿಡೀ ಕೂಗಾಡಿ ಮಾತಾಡುವ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಹತ್ತೊಂಬತ್ತರೊಳಗಿನ ಹುಡುಗಿಯರ ಜಿಲ್ಲಾ ಚೆಸ್ ಆಯ್ಕೆಯ ಕೊನೆಯ ಸುತ್ತು. ರಾಜ್ಯಕ್ಕೆ ಹೋಗುವವರು ಇಬ್ಬರು. ನನ್ನ ಮಗಳು ಜಾಸ್ಮಿನ್ ಗೆದ್ದರೆ ಆ ಇಬ್ಬರಲ್ಲಿ ಒಬ್ಬಳು. ಡ್ರಾ ಆದರೆ ಎದುರಿಗೆ ಕೂತ ಬಳ್ಳಾರಿಯ ಪೂಜಿತಾ ಹೋಗುತ್ತಾಳೆ. ಮುಂದಿನ ವರ್ಷ ಜಾಸ್ಮಿನ್‌ಳ ವಯಸ್ಸು ಮೀರುತ್ತದೆ.

ಹಲಗೆಯ ಮೇಲೆ ಉಳಿದದ್ದು ಮೂರೇ ಕಾಯಿ. ಎರಡು ರಾಜ, ಜಾಸ್ಮಿನ್‌ಳ ಒಂದು ಪ್ಯಾದೆ. ರಾಜರಿಬ್ಬರೂ ಒಂದೇ ಸಾಲಿನಲ್ಲಿ ಎದುರುಬದುರು, ನಡುವೆ ಒಂದೇ ಖಾಲಿ ಮನೆ. ಪ್ಯಾದೆ ಪಕ್ಕದ ಸಾಲಿನಲ್ಲಿ, ಆಟದ ಮೊದಲು ಇಟ್ಟ ಜಾಗದಿಂದ ಇನ್ನೂ ಅಲ್ಲಾಡಿಲ್ಲ. ಅಂದರೆ ಅದು ಒಂದು ಮನೆಯೂ ಹೋಗಬಹುದು, ಎರಡೂ ಹೋಗಬಹುದು. ನಡೆ ಜಾಸ್ಮಿನ್‌ಳದು. ಗಡಿಯಾರದಲ್ಲಿ ನಲವತ್ತು ಸೆಕೆಂಡು.

ಅವಳ ಬೆರಳು ಪ್ಯಾದೆಯ ತಲೆಯ ಮೇಲೆ ಕೂತಿತು. ಒಂದು ಮನೆ ಸರಿಸಿದಳು, ಕೈ ಬಿಡಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು.

ನಾನು ಗದ್ದ ಮುಂದಕ್ಕೆ ಎತ್ತಿದೆ. ನುಗ್ಗು ಎಂದು.

ಸನ್ನೆ ಮಾಡುವುದು ತಪ್ಪು ಎಂದು ಗೊತ್ತಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ, ಅದೇ ನನ್ನ ದುರದೃಷ್ಟ. ಬಿದ್ದಿದ್ದರೆ ಹೊರಗೆ ದಬ್ಬುತ್ತಿದ್ದರು, ಮಗಳು ಉಳಿಯುತ್ತಿದ್ದಳು. ಅವಳು ಪ್ಯಾದೆಯನ್ನು ಇನ್ನೊಂದು ಮನೆ ತಳ್ಳಿ ಕೈ ಬಿಟ್ಟಳು.

ನಮ್ಮ ಮನೆಯ ಆಟವೇ ಬೇರೆ. ನಮ್ಮಪ್ಪ ಅಮೀರಸಾಬ್ ಕಲಿಸಿದ ಹಳೇ ಪದ್ಧತಿ: ಎದುರಾಳಿಯ ರಾಜನಿಗೆ ಶಹ, ಅಂದರೆ ಚೆಕ್, ಇಲ್ಲದಿದ್ದರೂ ಸರಿ, ಕಾಲಿಡಲು ಜಾಗ ಇಲ್ಲದಿದ್ದರೆ ಅವನು ಸೋತ. ಹಾಗಾಗಿ ಕೊನೆಗೆ ಒಂದು ಪ್ಯಾದೆ ಉಳಿದರೆ ಕಣ್ಣುಮುಚ್ಚಿ ತಳ್ಳುವುದೇ ನಮ್ಮ ಜಾಣತನ. ಜಾಸ್ಮಿನ್ ಮೊಬೈಲಿನಲ್ಲಿ ಆಪೊಸಿಷನ್ ಎಂಬುದನ್ನು, ಅಂದರೆ ರಾಜನೆದುರು ರಾಜನನ್ನು ನಿಲ್ಲಿಸಿ ಎದುರಾಳಿಯೇ ಮೊದಲು ಸರಿಯುವಂತೆ ಮಾಡುವುದನ್ನು, ಕಲಿತು ನನಗೆ ಹೇಳಲು ಬಂದಾಗ, ‘ದಾರಿ ಖಾಲಿ ಐತಿ, ಓಡೋದು ಬಿಟ್ಟು ನಿಂತು ಯಾರಿಗಿ ಕಾಯ್ತಿ ಲೇ?’ ಎಂದು ನಕ್ಕಿದ್ದೆ.

ಪೂಜಿತಾ ತನ್ನ ರಾಜನನ್ನು ಪ್ಯಾದೆಯ ದಾರಿಗೆ ತಂದು ನಿಲ್ಲಿಸಿದಳು. ಅಲ್ಲಿಂದ ಜಾಸ್ಮಿನ್ ಎಲ್ಲಿ ಹೋದರೂ ಆ ರಾಜ ಎದುರಿಗೆ ಹಾಜರ್. ಪ್ಯಾದೆ ಒಂದು ಮನೆ ಮುಂದೆ, ಆ ರಾಜ ನೇರ ಒಂದು ಮನೆ ಹಿಂದೆ. ದೇವರೇ, ಆ ಹುಡುಗಿ ಒಂದೇ ಒಂದು ಸಲ ಪಕ್ಕಕ್ಕೆ ತಪ್ಪಲಿ ಎಂದು ಪರರ ಮಗಳಿಗೆ ಕೆಟ್ಟದ್ದನ್ನು ಬೇಡಿಕೊಂಡೆ. ಅವಳು ತಪ್ಪಲಿಲ್ಲ.

ಕೊನೆಗೆ ಪ್ಯಾದೆ ವಜೀರನಾಗಲು ಒಂದೇ ಮನೆ ಬಾಕಿ, ಅದರ ಮುಂದೆ ಗಟ್ಟಿಯಾಗಿ ಕೂತ ಪೂಜಿತಾಳ ರಾಜ. ಜಾಸ್ಮಿನ್ ತನ್ನ ರಾಜನನ್ನು ಪ್ಯಾದೆಯ ಹಿಂದೆ ತಂದಳು. ಎದುರಿನ ರಾಜನಿಗೆ ಶಹ ಇಲ್ಲ, ಹೋಗಲು ಮನೆಯೂ ಇಲ್ಲ. ನಮ್ಮ ಮನೆಯಲ್ಲಾಗಿದ್ದರೆ ಅದು ಗೆಲುವು; ಇಲ್ಲಿ ತೀರ್ಪುಗಾರರು ಬಂದು ನೋಡಿ, ‘ಡ್ರಾ’ ಎಂದು ಬರೆದುಕೊಂಡರು.

ಜಾಸ್ಮಿನ್ ಕೈಕುಲುಕಿ ಎದ್ದು ಬಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು.

ಸಿರುಗುಪ್ಪದ ನೇರ ಬಸ್ಸು ತಪ್ಪಿತು. ಕುರುಗೋಡಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಕುರುಗೋಡು ದಾಟಿತು. ಆಮೇಲೆ ಜಾಸ್ಮಿನ್ ಚೀಲದಿಂದ ಅಯಸ್ಕಾಂತದ ಸಣ್ಣ ಹಲಗೆ ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು. ಮೂರು ಕಾಯಿ ಜೋಡಿಸಿದಳು. ಅದೇ ಜಾಗಗಳು.

‘ನೀವು ಪೂಜಿತಾ ಆಗ್ರಿ, ಅಬ್ಬಾ,’ ಎಂದು ಪ್ಯಾದೆಯನ್ನು ಒಂದೇ ಮನೆ ಸರಿಸಿದಳು.

‘ಒಂದ ಮನಿ ಯಾಕ?’

‘ಈಗ ರಾಜರಿಬ್ಬರೂ ಇದ್ದಲ್ಲೇ ಅದಾರ. ಆದ್ರ ನಡಿ ನಿಮ್ಮದು. ದಾರಿ ಬಿಡಬೇಕಾದವರು ನೀವು. ಎರಡು ಮನಿ ತಳ್ಳಿದ್ರ ನನ್ನ ರಾಜ ಬಂದು ನಿಲ್ಲೋ ಮನ್ಯಾಗ ಪ್ಯಾದೆನ ಕುಂತಿರತಿತ್ತು.’

ನಾನು ನನ್ನ ರಾಜನನ್ನು ಪ್ಯಾದೆಯ ಸಾಲಿಗೆ ತಂದೆ. ಅವಳ ರಾಜ ಅದೇ ಸಾಲಿಗೆ ಬಂದು ಮತ್ತೆ ಎದುರಿಗೆ ನಿಂತಿತು. ಎಡಕ್ಕೆ ಸರಿದೆ, ಅವಳು ಬಲಗಡೆಯಿಂದ ಮುಂದೆ ನುಗ್ಗಿದಳು. ಬಲಕ್ಕೆ ಸರಿದೆ, ಎಡದಿಂದ ನುಗ್ಗಿದಳು. ಹಿಂದೆ ಹೋದರೂ ಅವಳ ರಾಜ ಮುಂದೆ ಬಂದು ಪ್ಯಾದೆಗೆ ದಾರಿ ಬಿಡಿಸಿತು. ನಾಲ್ಕು ಸಲ ಆಡಿದೆವು, ನಾಲ್ಕು ಸಲವೂ ನಾನು ಸೋತೆ.

‘ನಿನಗ ಇದು ಮೊದಲ ಗೊತ್ತಿತ್ತು,’ ಎಂದೆ.

‘ಗೊತ್ತಿತ್ತು.’

‘ಮತ್ತ ನನ್ನ ಮಾರಿ ಯಾಕ ನೋಡಿದಿ?’

‘ಖುಷಿಯಾಗಿದ್ದೆ ಅಬ್ಬಾ. ಗೆದ್ದೆ ಅಂತ ನಿಮಗ ತೋರಿಸಾಕ ನೋಡಿದ್ದೆ.’

ಅವಳು ಐದನೆಯ ಸಲ ಕಾಯಿ ಜೋಡಿಸಿ, ಪ್ಯಾದೆಯನ್ನು ಒಂದು ಮನೆ ಸರಿಸಿದಳು. ನಡೆ ನನ್ನದಾಗಿತ್ತು. ನನಗೆ ಕೈ ಎತ್ತಲು ಆಗಲಿಲ್ಲ.